ಎರಡು ಸಾಲಿನ ಪದಪಟ್ಟಿ: ಪರಿಗಿಯ ಹಳೆಯ ಕಾಗದಗಳಿಂದ ಒಂದು ಚರಿತ್ರೆ

ನನ್ನ ತಾಯಿಯ ತವರೂರು ಪರಿಗಿ. ಹಿಂದೂಪುರಕ್ಕೂ ಪೆನುಕೊಂಡೆಗೂ ನಡುವೆ, ಪೆನ್ನೆ ಮತ್ತು ಜಯಮಂಗಲಿ ನದಿಗಳ ಆಸುಪಾಸಿನ ಊರು. ಗಂಗರ ಪೆನುಕೊಂಡೆ ತಾಮ್ರಶಾಸನದಲ್ಲಿ ಬರುವ 'ಪರುವಿ ವಿಷಯ' ಇದೇ ಪರಿಗಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇಂದು ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. 2022ರವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು. 1882ಕ್ಕೂ ಮೊದಲು ಅನಂತಪುರವೇ ಬಳ್ಳಾರಿ ಜಿಲ್ಲೆಯ ಒಂದು ಭಾಗವಾಗಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕಚೇರಿಯಲ್ಲಿ ಇಂಗ್ಲಿಷು ಎಂಬ ಅಲ್ಲಿನ ಸ್ಥಿತಿ ಈ ಸಂಚಿಕೆಯ ಓದುಗರಿಗೆ ಹೊಸದೇನೂ ಅಲ್ಲ. ತೆಲುಗಿನ ಜಾಗದಲ್ಲಿ ಮಲಯಾಳವನ್ನಿಟ್ಟರೆ ಅದು ನಮ್ಮ ಗಡಿನಾಡಿನ ಕಥೆಯೇ.

ಕೆಲವು ವರ್ಷಗಳ ಹಿಂದೆ ಸೋದರಮಾವ ಒಂದು ತಗಡಿನ ಪೆಟ್ಟಿಗೆಯನ್ನು ನನ್ನ ಮುಂದೆ ಇಟ್ಟರು. ಅದರೊಳಗೆ ಹಳೆಯ ಲೆಕ್ಕದ ಕಾಗದಗಳು, ಭಾಗಪತ್ರಗಳು, ಕಂದಾಯ ಕಟ್ಟಿದ ರಸೀತಿಗಳು ಇದ್ದವು. "ನೀನು ಬ್ಯಾಂಕಿನಲ್ಲಿ ದಿನಾ ಇಂಥ ಕಾಗದಗಳನ್ನೇ ನೋಡುತ್ತೀಯಲ್ಲಪ್ಪ, ಇದರಲ್ಲಿ ಏನಿದೆ ನೋಡಿ ಹೇಳು" ಎಂದರು. ಮಾವನ ಮಗಳು ತೆಲುಗಿನಲ್ಲಿ ಓದಿದವಳು. ಎರಡು ಲಿಪಿಗಳೂ ಅಕ್ಕತಂಗಿಯರಂತೆ ಇರುವುದರಿಂದ ಕನ್ನಡ ಅಕ್ಷರಗಳನ್ನು ಕೂಡಿಸಿ ಓದಬಲ್ಲಳು; ಆದರೆ ಪದ ತಿಳಿಯದು. ಒಂದು ಕಾಗದದಲ್ಲಿ ಎರಡು ತುಂಡು ನೆಲದ ಎದುರು 'ದಶಬಂದ' ಎಂದಿತ್ತು. ಅವಳು ಅದನ್ನು 'ಬಂಧ' ಎಂದು ಓದಿ, ನೆಲ ಯಾರಿಗೋ ಅಡವು ಬಿದ್ದಿತ್ತು ಎಂದು ತಿಳಿದುಕೊಂಡಿದ್ದಳು. ಆ ಮಾತು ಅಣ್ಣತಮ್ಮಂದಿರ ನಡುವೆ ಹರಡಿ, ಅಡವು ಬಿಡಿಸಿದವರು ಯಾರು, ಹಣ ಕೊಟ್ಟವರು ಯಾರು ಎಂಬ ಜಗಳದವರೆಗೂ ಹೋಗಿತ್ತು.

ನಾನು ಎರಡು ಹಳೆಯ ಪದಪಟ್ಟಿಗಳನ್ನು ತೆಗೆದು ನೋಡಿದೆ. ಒಂದರಲ್ಲಿ ದಶಬಂದವೆಂದರೆ ಹತ್ತನೆಯ ಒಂದು ಪಾಲಿನ ವಿನಾಯಿತಿ ಎಂದಿತ್ತು. ಇನ್ನೊಂದರಲ್ಲಿ ಕೆರೆ ನೋಡಿಕೊಳ್ಳುವವನಿಗೆ ಬಿಟ್ಟ ನೆಲ ಎಂದಿತ್ತು. ಒಂದು ಹಣದ ಮಾತು, ಇನ್ನೊಂದು ನೆಲದ ಮಾತು. ಎರಡೂ ಸರಿ, ಆದರೆ ಮಾವನ ಕಾಗದಕ್ಕೆ ಯಾವುದು ಹೊಂದುತ್ತದೆ? ಈ ಪ್ರಶ್ನೆಯೇ ನನ್ನನ್ನು ಪದಪಟ್ಟಿಗಳ ಚರಿತ್ರೆಯ ಕಡೆಗೆ ತಿರುಗಿಸಿತು. ಎಡಗಡೆ ಪದ, ಬಲಗಡೆ ಅರ್ಥ, ಮೇಲಿಂದ ಕೆಳಕ್ಕೆ ಅಕಾರಾದಿ: ಇಷ್ಟು ಸರಳವಾಗಿ ಕಾಣುವ ಈ ಕ್ರಮ ನಮ್ಮಲ್ಲಿ ಬೇರೂರಿದ್ದು ತೀರ ಈಚೆಗೆ.

ನಮ್ಮ ಹಿರಿಯರ ನಿಘಂಟುಗಳು ಹುಡುಕಿ ನೋಡುವುದಕ್ಕಾಗಿ ಇದ್ದವಲ್ಲ, ಬಾಯಿಪಾಠ ಮಾಡುವುದಕ್ಕಾಗಿ ಇದ್ದವು. ಅಮರಕೋಶವನ್ನೇ ನೋಡಿ. ಮೂರು ಕಾಂಡ, ಅವುಗಳೊಳಗೆ ವಿಷಯಕ್ಕೆ ತಕ್ಕಂತೆ ವರ್ಗಗಳು. ಮರದ ಹೆಸರು ಬೇಕಾದರೆ ಮರಗಿಡಗಳ ವರ್ಗಕ್ಕೆ ಹೋಗಬೇಕು. ನಾನಾರ್ಥ ವರ್ಗದಲ್ಲಿ ಮಾತ್ರ ಅಕ್ಷರಕ್ರಮ ಉಂಟು. ಅದೂ ಮೊದಲ ಅಕ್ಷರದ ಕ್ರಮವಲ್ಲ, ಕೊನೆಯ ವ್ಯಂಜನದ ಕ್ರಮ. ಕಕಾರದಲ್ಲಿ ಮುಗಿಯುವ ಪದಗಳು ಮೊದಲು, ಆಮೇಲೆ ಖಕಾರದಲ್ಲಿ ಮುಗಿಯುವವು, ಹೀಗೆ. ಕವಿತೆ ಕಟ್ಟುವವನಿಗೆ ಇದರಿಂದ ಅನುಕೂಲ. ರಸೀತಿ ಓದುವವನಿಗೆ ಏನೂ ಇಲ್ಲ.

ಕನ್ನಡದಲ್ಲಿಯೂ ಅದೇ ದಾರಿ. ಹತ್ತನೆಯ ಶತಮಾನದ ಕೊನೆಯ ರನ್ನಕಂದದ ಕೆಲವೇ ಪದ್ಯಗಳು ಉಳಿದಿವೆ, ಅವು ಕಂದಪದ್ಯಗಳು. ನಾಗವರ್ಮನ ಅಭಿಧಾನವಸ್ತುಕೋಶ ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಕೊಡುತ್ತದೆ, ಅದೂ ಪದ್ಯದಲ್ಲಿ. 1398ರ ಮಂಗರಾಜನ ಅಭಿನವ ನಿಘಂಟೂ ಪದ್ಯವೇ. ಪದ್ಯದಲ್ಲಿ ಅರ್ಥ ಹೇಳುವಾಗ ಛಂದಸ್ಸು ಯಜಮಾನ. ಒಂದು ಪದಕ್ಕೆ ಎರಡು ಮಾತಿನ ಅರ್ಥ ಸಿಕ್ಕಿದರೆ ಪಕ್ಕದ ಪದಕ್ಕೆ ಒಂದೇ ಮಾತು ಸಿಗಬಹುದು. ಎಲ್ಲಾ ಪದಗಳಿಗೂ ಒಂದೇ ಅಚ್ಚಿನ ಅರ್ಥವಿರಬೇಕೆಂಬ ನಿಯಮವನ್ನು ಪದ್ಯ ಹೊರಲಾರದು. ಬಾಯಿಪಾಠವಿದ್ದವನಿಗೆ ಅದು ಬೇಕಾಗಿಯೂ ಇರಲಿಲ್ಲ, ಏಕೆಂದರೆ ಮಿಕ್ಕದ್ದನ್ನು ಗುರುಗಳು ಬಾಯಿಂದ ಹೇಳಿಕೊಡುತ್ತಿದ್ದರು.

ಗುರುವಿಲ್ಲದೆ ಪದದ ಅರ್ಥ ಬೇಕಾದವರು ಬಂದದ್ದು ಕಂಪೆನಿ ಸರಕಾರದೊಂದಿಗೆ. 1800ರಲ್ಲಿ ನಿಜಾಮರು ಬಳ್ಳಾರಿ, ಅನಂತಪುರ, ಕಡಪದ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ ಇಲ್ಲಿ ಪ್ರಧಾನ ಕಲೆಕ್ಟರನಾಗಿ ಬಂದ. ಹಳ್ಳಿಯ ಲೆಕ್ಕಗಳಲ್ಲಿ ಕನ್ನಡ, ತೆಲುಗು, ಮರಾಠಿ, ಪಾರಸಿ ಎಲ್ಲಾ ಕಲಸಿದ್ದವು. ಈ ಪದಗಳು ವರದಿಗಳ ಮೂಲಕ ಲಂಡನ್ನಿಗೆ ಹೋದವು. ಅಲ್ಲಿನ ಪಾರ್ಲಿಮೆಂಟಿನ ಸದಸ್ಯನಿಗೆ ಖುಷ್ಕಿ ಯಾವುದು, ತರಿ ಯಾವುದು ಎಂದು ಗೊತ್ತಾಗಬೇಡವೇ? 1812ರ ಐದನೆಯ ವರದಿಗಾಗಿ ಚಾರ್ಲ್ಸ್ ವಿಲ್ಕಿನ್ಸ್ 1813ರಲ್ಲಿ ಒಂದು ಪದಪಟ್ಟಿಯನ್ನು ಸಿದ್ಧಪಡಿಸಿದ. ಪದಗಳಿದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ, ಇಂಗ್ಲಿಷ್ ಅಕಾರಾದಿಯಲ್ಲಿ.

ತೊಂದರೆ ಶುರುವಾದದ್ದು ಅಲ್ಲಿಯೇ. ಇಂಗ್ಲಿಷಿನಲ್ಲಿ ಲ, ಳ ಒಂದೇ. ತ, ಟ ಒಂದೇ. ಕ, ಖ ಬರೆಯುವವನ ಇಷ್ಟ. ಒಬ್ಬ ಅಧಿಕಾರಿ ಒಂದು ಬಗೆಯಾಗಿ ಬರೆದ ಪದವನ್ನು ಇನ್ನೊಬ್ಬ ಮತ್ತೊಂದು ಬಗೆಯಾಗಿ ಬರೆದರೆ, ಒಂದೇ ಪದ ಪಟ್ಟಿಯ ಎರಡು ಕಡೆ ನಿಲ್ಲುತ್ತದೆ. ಎರಡೂ ಕಡೆಯ ಅರ್ಥ ಬೇರೆಬೇರೆಯವರು ಬರೆದದ್ದಾದರೆ ಓದುವವನಿಗೆ ಅವು ಎರಡು ಪದಗಳೇ. 1855ರಲ್ಲಿ ಹೊರೇಸ್ ಹೇಮನ್ ವಿಲ್ಸನ್ ನ್ಯಾಯ ಮತ್ತು ಕಂದಾಯದ ಪದಗಳ ದೊಡ್ಡ ಕೋಶವನ್ನು ಹೊರತಂದಾಗ ಅವನು ಕಂಡ ಮುಖ್ಯ ಕಷ್ಟ ಇದೇ. ಕಂಪೆನಿಯವರು ಮೊದಲು ಒಂದು ಕಚ್ಚಾ ಪಟ್ಟಿಯನ್ನು ಅಚ್ಚು ಮಾಡಿಸಿ, ತಿದ್ದಿ ಸೇರಿಸಿ ಕಳಿಸಿರೆಂದು ಇಂಡಿಯಾದ ಅಧಿಕಾರಿಗಳಿಗೆ ಕಳಿಸಿದ್ದರು. ವಿಲ್ಸನ್ ಮಾಡಿದ ಉಪಾಯವೆಂದರೆ ಪದದ ಜೊತೆಗೆ ಅದು ಯಾವ ಭಾಷೆಯದು ಎಂದು ಗುರುತಿಸಿ, ಆ ಭಾಷೆಯ ಲಿಪಿಯಲ್ಲಿಯೂ ಅಚ್ಚು ಮಾಡಿದ್ದು, ಕೆಟ್ಟ ರೂಪಗಳನ್ನು ಸರಿಯಾದ ರೂಪದ ಕಡೆಗೆ ತೋರಿಸಿದ್ದು. ಅದಕ್ಕೂ ಮುಂಚೆ 1852ರಲ್ಲಿ ತೆಲುಗಿನ ದೊಡ್ಡ ವಿದ್ವಾಂಸ ಸಿ. ಪಿ. ಬ್ರೌನ್, ಕಚೇರಿಯ ಪದಗಳಿಗಾಗಿಯೇ ಜಿಲ್ಲಾ ಡಿಕ್ಷನರಿ ಎಂಬ ಪುಸ್ತಕವನ್ನು ಮದ್ರಾಸಿನಲ್ಲಿ ಅಚ್ಚು ಹಾಕಿಸಿದ್ದ. ಅದೂ ಇಂಗ್ಲಿಷ್ ಅಕ್ಷರದ್ದೇ.

ಕನ್ನಡ ಅಕ್ಷರದಲ್ಲಿ, ಕನ್ನಡ ವರ್ಣಮಾಲೆಯ ಕ್ರಮದಲ್ಲಿ ಅಚ್ಚಾದ ದೊಡ್ಡ ಕೋಶ ನಮ್ಮ ಸೀಮೆಯದೇ. ಲಂಡನ್ ಮಿಷನ್ನಿನ ವಿಲಿಯಂ ರೀವ್ ಬಳ್ಳಾರಿಯಲ್ಲಿ ಇದ್ದವನು. 1824ರಲ್ಲಿ ಇಂಗ್ಲಿಷ್-ಕನ್ನಡ ಕೋಶ, 1832ರಲ್ಲಿ ಕನ್ನಡ-ಇಂಗ್ಲಿಷ್ ಕೋಶ, ಎರಡೂ ಮದ್ರಾಸಿನಲ್ಲಿ ಅಚ್ಚಾದವು. ಆಗ ಪರಿಗಿಯೂ ಬಳ್ಳಾರಿ ಜಿಲ್ಲೆ. ಆಮೇಲಿನ ಹೆಜ್ಜೆ ನಮ್ಮ ಕರಾವಳಿಯದು. ತಲಶ್ಶೇರಿಯಲ್ಲಿದ್ದು ಕೆಲಸ ಮಾಡಿದ ಹರ್ಮನ್ ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಫರ್ಡಿನೆಂಡ್ ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದವು. ಕಿಟ್ಟೆಲ್ಲರದ್ದರಲ್ಲಿ ಸುಮಾರು 70,000 ಪದಗಳಿವೆ. ಒಂದು ಪದ ಮೈಸೂರು ಕಡೆಯದೋ ದಕ್ಷಿಣ ಮಹಾರಾಷ್ಟ್ರದ ಕಡೆಯದೋ ಎಂದು ಚಿಕ್ಕ ಗುರುತಿನಿಂದ ತೋರಿಸಿದ್ದಾರೆ. ತಮಿಳು, ತೆಲುಗು, ಮಲಯಾಳ, ತುಳುಗಳ ಸಮಾನ ರೂಪಗಳನ್ನೂ ಕೊಟ್ಟಿದ್ದಾರೆ. ಗುಂಡರ್ಟರೂ ಕನ್ನಡದ ರೂಪಗಳನ್ನು ತೋರಿಸಿದ್ದಾರೆ. ಎರಡು ಭಾಷೆಯ ಮನೆಯಲ್ಲಿ ಈ ಎರಡು ಪುಸ್ತಕಗಳು ಅಕ್ಕಪಕ್ಕ ಇರಬೇಕಾದವು.

ಇನ್ನು ನನ್ನ ಪಟ್ಟಿಯ ಮಾತಿಗೆ ಬರುತ್ತೇನೆ. ಮಾವನ ಪೆಟ್ಟಿಗೆಯಲ್ಲಿ ಸಿಕ್ಕಿದ ಪದಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಚೀಟಿಗಳನ್ನು ಜೋಡಿಸುತ್ತಾ ಹೋದೆ. ಅಕಾರಾದಿ ಎಂದರೆ ಶಾಲೆಯ ಮಗುವಿಗೂ ಗೊತ್ತು ಎಂದುಕೊಂಡಿದ್ದವನಿಗೆ ಮೂರು ಕಡೆ ತಡೆಯಾಯಿತು.

ಮೊದಲನೆಯದು ಬಿಂದು. 'ಕಂದಾಯ' ಮೊದಲೋ 'ಕಟ್ಟುಕೊಡಗೆ' ಮೊದಲೋ? ವರ್ಣಮಾಲೆಯಲ್ಲಿ ಅಂ, ಅಃ ಎಂಬವು ಕಕಾರಕ್ಕಿಂತ ಮುಂಚೆ ಬರುತ್ತವೆ. ಆ ಲೆಕ್ಕದಲ್ಲಿ ಕಂದಾಯವೇ ಮೊದಲು. ಆದರೆ ಹಳೆಯ ಬರಹದಂತೆ ಬಿಂದುವನ್ನು ನಕಾರವಾಗಿ ಬಿಡಿಸಿ 'ಕನ್ದಾಯ' ಎಂದುಕೊಂಡರೆ ಅದು ಕಟ್ಟುಕೊಡಗೆಯ ನಂತರ ಹೋಗುತ್ತದೆ. ಮಲಯಾಳದಲ್ಲಿ ಇಂಥ ಕಡೆ ಬಿಂದು ಬರೆಯದೆ ನಕಾರ ದಕಾರಗಳನ್ನು ಕೂಡಿಸಿ ಬರೆಯುವುದರಿಂದ, ಮಲಯಾಳ ಕೋಶ ನೋಡಿ ಅಭ್ಯಾಸವಾದ ಮಕ್ಕಳು ಎರಡನೆಯ ಜಾಗದಲ್ಲಿಯೇ ಹುಡುಕುತ್ತಾರೆ. ಎರಡು ಕ್ರಮಗಳಲ್ಲಿ ಯಾವುದನ್ನಾದರೂ ಹಿಡಿಯಬಹುದು. ಆದರೆ ಒಂದನ್ನೇ ಹಿಡಿಯಬೇಕು, ಅದನ್ನು ಪಟ್ಟಿಯ ತಲೆಯಲ್ಲಿ ಹೇಳಬೇಕು. ನಾನು ಬಿಂದುವನ್ನು ಮೊದಲು ಇಟ್ಟೆ.

ಎರಡನೆಯದು ಒತ್ತಕ್ಷರ. 'ಕಟಾವು', 'ಕಟ್ಟೆ' ಇವುಗಳಲ್ಲಿ ಕಟಾವು ಮೊದಲು ಬರುತ್ತದೆ. ಟ, ಟಾ, ಟಿ ಎಂದು ಕಾಗುಣಿತ ಪೂರಾ ಮುಗಿದ ಮೇಲೆ ಒತ್ತಕ್ಷರಗಳ ಸರದಿ. ಕಣ್ಣಳತೆಯಲ್ಲಿ ಜೋಡಿಸುವವರು ಒತ್ತನ್ನು ಲೆಕ್ಕಕ್ಕೆ ಹಿಡಿಯದೆ ಇಲ್ಲಿ ಮುಗ್ಗರಿಸುತ್ತಾರೆ. ನಾನೂ ಮುಗ್ಗರಿಸಿದೆ.

ಮೂರನೆಯದು ಳಕಾರ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಯದು, ಹಕಾರದ ನಂತರ. ಆದ್ದರಿಂದ 'ತಸ್ತೀಕು' ಮೊದಲು, 'ತಳವಾರ' ಆಮೇಲೆ. ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ ಮೇಲೆ ನೋಡಿದರೆ ತಳವಾರ ಮುಂದೆ ಬಂದು ಕೂತಿದ್ದ! ಕಾರಣ ಇಷ್ಟೆ. ಯುನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಉಂಟು. ಲ U+0CB2, ಳ U+0CB3, ವ U+0CB5, ಸ U+0CB8. ಬರೀ ಈ ಸಂಖ್ಯೆಗಳನ್ನು ನೋಡಿ ಜೋಡಿಸಿದರೆ ಳಕಾರ ಲಕಾರದ ಬೆನ್ನಿಗೇ ಬರುತ್ತದೆ. ಹೀಗಾಗಿದೆಯೇ ಎಂದು ತಿಳಿಯಲು ಇಡೀ ಪಟ್ಟಿ ಓದಬೇಕಾಗಿಲ್ಲ. ಎರಡನೆಯ ಅಕ್ಷರ ಳ ಇರುವ ಒಂದು ಪದ, ಸ ಅಥವಾ ಹ ಇರುವ ಒಂದು ಪದ, ಈ ಎರಡನ್ನು ನೋಡಿದರೆ ಸಾಕು. ಬಿಂದುವಿಗೂ ಒತ್ತಿಗೂ ಇರುವ ಸಂಖ್ಯೆಗಳು ಮಾತ್ರ ನನ್ನ ಕ್ರಮಕ್ಕೇ ಹೊಂದಿಕೊಂಡಿದ್ದವು.

ಜೋಡಣೆ ಮುಗಿದ ಮೇಲೆ ಅರ್ಥದ ಸಾಲು. ನನ್ನ ಮೊದಲ ಕರಡನ್ನು ಈಗ ನೋಡಿದರೆ ನಗು ಬರುತ್ತದೆ. ಖುಷ್ಕಿಗೆ 'ಮಳೆ ಬಂದರೆ ಮಾತ್ರ ಬೆಳೆ' ಎಂದು ಬರೆದಿದ್ದೆ. ತರಿಗೆ 'ಗದ್ದೆ' ಎಂದು ಒಂದೇ ಮಾತು. ನೀರಗಂಟಿಗೆ 'ಕೆರೆಯ ತೂಬು ಎತ್ತಿ ನೀರು ಬಿಡುತ್ತಾನೆ' ಎಂದು ಪೂರಾ ವಾಕ್ಯ. ಒಂದೊಂದನ್ನೇ ಓದಿದರೆ ತಪ್ಪಿಲ್ಲ. ಆದರೆ ಖುಷ್ಕಿ ಮತ್ತು ತರಿ ಒಂದೇ ಜಾತಿಯ ಎರಡು ವಸ್ತುಗಳು, ನೀರು ಬರುವ ದಾರಿ ಮಾತ್ರ ಬೇರೆ ಎಂಬುದು ಈ ಅರ್ಥಗಳಿಂದ ತಿಳಿಯುವುದೇ ಇಲ್ಲ. ಆದ್ದರಿಂದ ಒಂದು ಅಚ್ಚು ಮಾಡಿಕೊಂಡೆ. ಅರ್ಥದ ಮೊದಲ ಮಾತು ಆ ವಸ್ತುವಿನ ಜಾತಿಯನ್ನು ಹೇಳಬೇಕು: ನೆಲವೋ, ಅಳತೆಯೋ, ಆಳೋ, ತೆರಿಗೆಯೋ, ಹಣವೋ, ಕಟ್ಟಡವೋ. ಆಮೇಲೆ ಅದೇ ಜಾತಿಯ ಬೇರೆಯವುಗಳಿಂದ ಅದನ್ನು ಬೇರ್ಪಡಿಸುವ ಒಂದೇ ಗುಣ. ವಿವರಿಸಬೇಕಾದ ಪದವನ್ನೇ ವಿವರಣೆಯಲ್ಲಿ ತರಬಾರದು. ಒಂದು ಪದಕ್ಕೆ ಎರಡು ಜಾತಿಯ ಅರ್ಥವಿದ್ದರೆ ಎರಡು ಸಂಖ್ಯೆ ಹಾಕಬೇಕು. ಎರಡನ್ನೂ ಕಲಸಿ ಒಂದೇ ವಾಕ್ಯ ಮಾಡಬಾರದು. ಅಚ್ಚಿಗೆ ಹೊಯ್ದ ಮೇಲಿನ ಒಂದು ತುಂಡು ಹೀಗಿದೆ:

| ಪದ | ಅರ್ಥ |
|---|---|
| ಅಚ್ಚುಕಟ್ಟು | ನೆಲ. ಒಂದು ಕೆರೆಯ ನೀರು ಹಾಯುವಷ್ಟು. |
| ಕಂಡುಗ | ಖಂಡುಗ ನೋಡಿ. |
| ಕಂದಾಯ | ತೆರಿಗೆ. ನೆಲದ ಮೇಲೆ ಸರಕಾರಕ್ಕೆ ಸಲ್ಲುವುದು. |
| ಕಟ್ಟುಕೊಡಗೆ | ನೆಲ. ಕೆರೆ ಕಟ್ಟಿದವನಿಗೆ ಬಿಟ್ಟುಕೊಟ್ಟದ್ದು. |
| ಕೋಡಿ | ಕಟ್ಟಡ; ತುಂಬಿದ ಕೆರೆಯ ಹೆಚ್ಚಿನ ನೀರು ಹೊರಬೀಳುವುದು. |
| ಖಂಡುಗ | 1. ಅಳತೆ, ಕಾಳಿನದು, 20 ಕೊಳಗ. 2. ಅಳತೆ, ನೆಲದ್ದು, 20 ಕೊಳಗ ಬೀಜ ಹಿಡಿಯುವಷ್ಟು. |
| ಖುಷ್ಕಿ | ನೆಲ. ಮಳೆಯ ನೀರಿನಿಂದ ಬೇಸಾಯವಾಗುವುದು. |
| ತರಿ | ನೆಲ. ಕೆರೆ ಕಾಲುವೆಗಳ ನೀರಿನಿಂದ ಬೇಸಾಯವಾಗುವುದು. |
| ತಸ್ತೀಕು | ಹಣ. ದೇವಸ್ಥಾನಕ್ಕೆ ಸರಕಾರ ವರ್ಷವರ್ಷ ಕೊಡುವುದು. |
| ತಳವಾರ | ಆಳು. ಊರ ಕಾವಲು ಕಾಯುವವನು. |
| ತೂಬು | ಕಟ್ಟಡ. ಕೆರೆಯ ನೀರನ್ನು ಕಾಲುವೆಗೆ ಬಿಡುವುದು. |
| ದಶಬಂದ | 1. ನೆಲ, ಕೆರೆಯ ದುರಸ್ತಿ ಹೊತ್ತವನಿಗೆ ಬಿಟ್ಟುಕೊಟ್ಟದ್ದು. 2. ಹಣ, ಕೆರೆಯ ದುರಸ್ತಿ ಹೊತ್ತವನಿಗೆ ಕಂದಾಯದಲ್ಲಿ ಬಿಟ್ಟುಕೊಟ್ಟದ್ದು. |
| ನೀರಗಂಟಿ | ಆಳು. ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು. |
| ಫಸಲಿ | ವರ್ಷ. ಕಂದಾಯದ ಲೆಕ್ಕದ್ದು, 590 ಕೂಡಿಸಿದರೆ ಕ್ರಿಸ್ತಶಕ. |
| ಮರವ | ಕೋಡಿ ನೋಡಿ. |

'ನೋಡಿ' ಎಂಬ ಎರಡು ಸಾಲುಗಳನ್ನು ಗಮನಿಸಬೇಕು. ಕಂಡುಗ, ಖಂಡುಗ ಎರಡೂ ಬರಹಗಳು ಒಂದೇ ಪೆಟ್ಟಿಗೆಯಲ್ಲಿ ಸಿಕ್ಕಿದವು. ಮರವ ಎಂಬುದು ಅಲ್ಲಿನ ತೆಲುಗಿನ ಮಾತು, ಕೋಡಿ ಎಂಬುದು ಕನ್ನಡದ್ದು, ವಸ್ತು ಒಂದೇ. ಎರಡು ಕಡೆಯೂ ಅರ್ಥ ಬರೆದರೆ, ಇಂದಲ್ಲ ನಾಳೆ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುತ್ತೇವೆ. ಅರ್ಥ ಒಂದೇ ಕಡೆ ಇರಲಿ, ಬೇರೆ ಕಡೆಯಿಂದ ದಾರಿ ಇರಲಿ. ವಿಲ್ಸನ್ ಕಲಿಸುವ ಪಾಠವೂ ಅದೇ. ಫಸಲಿಯ ಲೆಕ್ಕವೂ ಕೆಲಸಕ್ಕೆ ಬಂತು: ಒಂದು ರಸೀತಿಯ ಮೇಲೆ 1298 ಎಂದಿತ್ತು, ಅದು ಹದಿಮೂರನೆಯ ಶತಮಾನದ್ದಲ್ಲ, 1888-89ರದ್ದು.

ಈಗ ದಶಬಂದ. ಪಟ್ಟಿಯನ್ನು ಅಚ್ಚಿಗೆ ಹಾಕುವಾಗ ಈ ಪದ ಮಾತ್ರ ಒಂದು ಜಾತಿಯಲ್ಲಿ ನಿಲ್ಲಲಿಲ್ಲ. ಹುಡುಕಿದಾಗ ತಿಳಿದದ್ದೇನೆಂದರೆ, ಬಳ್ಳಾರಿ, ಅನಂತಪುರ, ಕಡಪಗಳ ಸೀಮೆಯಲ್ಲಿ ದಶಬಂದಗಳು ನಿಜವಾಗಿಯೂ ಎರಡು ಬಗೆಯವು. ವಿಜಯನಗರದ ಕಾಲದ ಶಾಸನಗಳಲ್ಲಿ ದಶವಂದ ಎಂದು ಬರುವ ಈ ಮಾನ್ಯ, ಹೆಸರೇ ಹೇಳುವಂತೆ ಹತ್ತರಲ್ಲೊಂದು ಪಾಲಿನಿಂದ ಹುಟ್ಟಿದ್ದು. ಕಂಪೆನಿಯ ಲೆಕ್ಕಕ್ಕೆ ಬರುವಾಗ ಒಂದು ಬಗೆಗೆ 'ಖಂಡಂ' ದಶಬಂದ ಎಂದು ಹೆಸರು; ಇಂತಿಷ್ಟು ನೆಲ ಎಂದು ಎಲ್ಲೆ ಗುರುತಿಸಿ ಬಿಟ್ಟುಕೊಟ್ಟದ್ದು. ಇನ್ನೊಂದಕ್ಕೆ 'ಶಾಮಿಲಾತ್' ದಶಬಂದ ಎಂದು ಹೆಸರು. ಬೇರೆ ನೆಲವಿಲ್ಲ, ಕೆರೆಯ ಕೆಳಗಿನ ತರಿಯ ಕಂದಾಯದಲ್ಲಿ ಒಂದು ಪಾಲು. ನಾನು ನೋಡಿದ್ದ ಎರಡು ಪಟ್ಟಿಗಳಲ್ಲಿ ಒಂದೊಂದು ಒಂದೊಂದು ಬಗೆಯನ್ನು ಮಾತ್ರ ಹೇಳಿತ್ತು.

ಕಾಗದದಲ್ಲಿರುವುದು ಯಾವ ಬಗೆ ಎಂದು ತಿಳಿಯುವುದು ಹೇಗೆ? ಜಾತಿಯ ಮಾತೇ ದಾರಿ ತೋರಿಸುತ್ತದೆ. ನೆಲಕ್ಕೆ ಎಲ್ಲೆ ಇರುತ್ತದೆ, ವಿಸ್ತೀರ್ಣ ಇರುತ್ತದೆ. ಹಣಕ್ಕೆ ಮೊತ್ತ ಅಥವಾ ಪಾಲು ಇರುತ್ತದೆ. ಮಾವನ ಕಾಗದದಲ್ಲಿ ದಶಬಂದ ಎಂಬ ಮಾತಿನ ಮುಂದೆ ಮೂಡಲಿಗೆ ಹಳ್ಳ, ಪಡುವಲಿಗೆ ಕಾಲುವೆ ಎಂದು ನಾಲ್ಕು ಎಲ್ಲೆಗಳಿದ್ದವು, ಇಷ್ಟು ಕೊಳಗದ ನೆಲ ಎಂದಿತ್ತು. ಅದು ಮೊದಲನೆಯ ಅರ್ಥ. ಅಡವೂ ಅಲ್ಲ, ಸಾಲವೂ ಅಲ್ಲ. ಯಾರೋ ಹಿರಿಯರು ಕೆರೆಯ ಏರಿ, ತೂಬು ನೋಡಿಕೊಳ್ಳುವ ಹೊಣೆ ಹೊತ್ತಿದ್ದರು. ಅದಕ್ಕಾಗಿ ಆ ನೆಲ ಅವರ ಕೈಗೆ ಬಂದಿತ್ತು.

ಪಟ್ಟಿಯ ಮಿತಿಯನ್ನೂ ಹೇಳಬೇಕು. ಅದು ಪದ ಏನೆಂದು ಹೇಳುತ್ತದೆ. ಇಂದು ಆ ಹಕ್ಕು ಉಂಟೇ ಎಂದು ಹೇಳುವುದಿಲ್ಲ. ಆಂಧ್ರದ ಇನಾಮುಗಳನ್ನು ರೈತವಾರಿಗೆ ತಿರುಗಿಸುವ ಕಾನೂನು 1956ರಲ್ಲಿ ಬಂತು. 1984ರಲ್ಲಿ ಕರಣಿಕೆಯೇ ರದ್ದಾಯಿತು. ಆ ಪ್ರಶ್ನೆಗಳಿಗೆ ವಕೀಲರೇ ಬೇಕು. ಖಂಡುಗದ ನೆಲ ಎಷ್ಟು ಎಕರೆ ಎಂಬುದಕ್ಕೂ ಒಂದೇ ಉತ್ತರವಿಲ್ಲ. ಬೀಜದ ಅಳತೆಯ ನೆಲ ಖುಷ್ಕಿಯಲ್ಲಿ ದೊಡ್ಡದು, ತರಿಯಲ್ಲಿ ಚಿಕ್ಕದು. ಏಕೆಂದರೆ ರಾಗಿಯನ್ನು ತೆಳ್ಳಗೆ, ಭತ್ತವನ್ನು ಒತ್ತಾಗಿ ಬಿತ್ತುತ್ತಾರೆ. ಅದಕ್ಕಾಗಿಯೇ ಎಕರೆಯ ಅಂಕಿಯನ್ನು ನನ್ನ ಸಾಲಿನಲ್ಲಿ ಬರೆಯಲಿಲ್ಲ.

ಪಟ್ಟಿ ಮುಗಿದಾಗ 112 ಚೀಟಿಗಳಿದ್ದವು. ಅಚ್ಚು ಮಾಡಿದ ಪ್ರತಿಯನ್ನು ಪರಿಗಿಗೆ ತೆಗೆದುಕೊಂಡು ಹೋಗಿ ಮಾವನ ಮಗಳ ಕೈಗೆ ಕೊಟ್ಟೆ. ಅವಳು ಮೊದಲು ತೆರೆದದ್ದು ದಕಾರವನ್ನೇ. ಎಡಗಡೆಯ ಪದವನ್ನು ನಿಧಾನವಾಗಿ ಕೂಡಿಸಿ ಓದಿದಳು. ಬಲಗಡೆಯ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಕಾಗದವನ್ನು ಪಕ್ಕಕ್ಕಿಟ್ಟುಕೊಂಡು ಎಲ್ಲೆಗಳನ್ನು ಬೆರಳಿಟ್ಟು ಎಣಿಸಿದಳು. "ಹಾಗಾದರೆ ಭಾವಾ, ಇದು ಕೆರೆಯ ಲೆಕ್ಕ, ಸಾಲದ್ದಲ್ಲ" ಎಂದಳು. ಮಾವ ಪೆಟ್ಟಿಗೆಯ ಬಾಗಿಲು ಮುಚ್ಚಿ, ತಮ್ಮನ ಮನೆಗೆ ಹೇಳಿಕಳಿಸಿದರು.